ಒಂದೇ ದ್ರಾವಣ, B ಒಮ್ಮೆ 718, ಒಮ್ಮೆ 363: ಕ್ರೋಮಿಯಂ ಸ್ಪೆಕ್ಟ್ರಮ್‌ನಲ್ಲಿ ಮೂರನೇ ಬ್ಯಾಂಡ್ ಯಾವುದು?

ಪಚ್ಚೆಪೈರು

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೇ ಸೆಮಿಸ್ಟರ್. ಇನಾರ್ಗ್ಯಾನಿಕ್ ಪ್ರಾಕ್ಟಿಕಲ್‌ನಲ್ಲಿ ನೆಫೆಲಾಕ್ಸೆಟಿಕ್ ಎಫೆಕ್ಟ್ ಬಗ್ಗೆ ಒಂದು ಪ್ರಯೋಗ ಇದೆ. ಕ್ರೋಮಿಯಂ(III) ದ್ರಾವಣದ ಹೀರಿಕೆ ಸ್ಪೆಕ್ಟ್ರಮ್ ತೆಗೆದು, ಅದರಿಂದ d ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯ ಅಳತೆಯಾದ ರಾಕಾ B ಲೆಕ್ಕ ಹಾಕಿ, ಲಿಗ್ಯಾಂಡ್ ಇಲ್ಲದ ಒಂಟಿ ಅಯಾನಿನ B ಜೊತೆ ಹೋಲಿಸಿ β ಬರೆಯಬೇಕು.

ಕ್ರೋಮಿಯಂ ನೈಟ್ರೇಟ್ ನೋನಾಹೈಡ್ರೇಟ್ ತಗೊಂಡು 0.05 M ದ್ರಾವಣ ಮಾಡಿದೆ, 1 ಸೆಂ.ಮೀ. ಕ್ವಾರ್ಟ್ಜ್ ಕ್ಯೂವೆಟ್. ಮೂರು ಪೀಕ್ ಚೆನ್ನಾಗಿ ಬಂದವು: 575 nm (ಹೀರಿಕೆ 0.67), 408 nm (0.78), 302 nm (1.1). ಅಂದರೆ ν1 = 17391, ν2 = 24510, ν3 = 33113 cm⁻¹.

ಮೊದಲೆರಡು ಬ್ಯಾಂಡ್ ಮಾತ್ರ ಹಾಕಿ ಲೆಕ್ಕ ಮಾಡಿದರೆ

B = (ν2 − ν1)(ν2 − 2ν1) / (15ν2 − 27ν1) = 718

ಮೂರೂ ಹಾಕಿದರೆ

15B = ν2 + ν3 − 3ν1 = 5450, B = 363

ಒಂದೇ ದ್ರಾವಣ, ಒಂದೇ ಸ್ಕ್ಯಾನ್. β ಒಂದರಲ್ಲಿ 0.78, ಇನ್ನೊಂದರಲ್ಲಿ 0.40. ಹಳೇ ಬ್ಯಾಚಿನ ಒಂದು ರೆಕಾರ್ಡ್ ನೋಡಿದೆ, ಅದರಲ್ಲಿ ಎರಡರ ಸರಾಸರಿ ಅಂತ 540 ಬರೆದು ಮುಗಿಸಿದ್ದಾರೆ. ಅದಕ್ಕೆ ಸಹಿಯೂ ಬಿದ್ದಿದೆ. ನನಗೆ ಮಾತ್ರ ಸಮಾಧಾನ ಇಲ್ಲ.

ಧಾರವಾಡದಾಂವ

ನೀವು ಪೀಕ್ ಓದಿದ್ದೇ nm ಗ್ರಾಫಿನ ಮ್ಯಾಲೆ, ಅಲ್ಲೇ ತಪ್ಪೈತಿ ನೋಡ್ರಿ. nm ದಿಂದ cm⁻¹ ಗೆ ಹೋಗುವಾಗ ಹೀರಿಕೆಯನ್ನ λ² ದಿಂದ ಗುಣಿಸಬೇಕು, ಆಮ್ಯಾಲೆ ಪೀಕ್ ಎಲ್ಲಿ ಬರ್ತದೋ ಅದನ್ನ ತಗೋಬೇಕು. ಅಗಲ ಬ್ಯಾಂಡಿಗೆ ಪೀಕ್ ಜಾಗ ಭಾಳ ಸರೀತದ. ಮೊದಲ ಅದನ್ನ ಮಾಡ್ರಿ, ಎರಡೂ B ಹತ್ತರ ಬರ್ತಾವ.

ಮತ್ತ ನೀರು ಸಾಧಾರಣ ಫೀಲ್ಡ್ ಲಿಗ್ಯಾಂಡ್. ಫೀಲ್ಡ್ ಜೋರಿದ್ದಷ್ಟೂ B ಇಳೀತದ. ನೀರಿಗೆ 0.40 ಬರಾಕ ಸಾಧ್ಯನ ಇಲ್ಲ, ಅಷ್ಟಂತೂ ಖರೆ.

ಹಳೇ_ಬರ್ನರ್

ಪಚ್ಚೆಪೈರು, ಸರಾಸರಿ ಬರೆಯದೆ ಇಲ್ಲಿಗೆ ಬಂದದ್ದು ಒಳ್ಳೆಯದಾಯಿತು. 302ರಲ್ಲಿ ಇರುವುದು ಕ್ರೋಮಿಯಂ ಅಲ್ಲ, ನೈಟ್ರೇಟ್.

ನೈಟ್ರೇಟ್ ಅಯಾನಿಗೆ ನೀರಿನಲ್ಲಿ 302 nm ಸುಮಾರಿಗೆ ಒಂದು ದುರ್ಬಲ ಬ್ಯಾಂಡ್ ಇದೆ, ಅದರ ε ಸುಮಾರು 7. ದುರ್ಬಲ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನಿಮ್ಮ ಕ್ರೋಮಿಯಂ ಬ್ಯಾಂಡ್‌ಗಳೂ ಅಷ್ಟೇ ದುರ್ಬಲ: 575ರಲ್ಲಿ ε ಹದಿಮೂರರ ಆಸುಪಾಸು, 408ರಲ್ಲಿ ಹದಿನೈದರ ಆಸುಪಾಸು. ಜೊತೆಗೆ ಒಂದು ಕ್ರೋಮಿಯಂಗೆ ಮೂರು ನೈಟ್ರೇಟ್. 0.05 M ಉಪ್ಪಿನಲ್ಲಿ 0.15 M ನೈಟ್ರೇಟ್ ಇರುತ್ತದೆ. ಅದನ್ನು 7ರಿಂದ ಗುಣಿಸಿ, 1.05. ನಿಮ್ಮ 1.1 ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ.

ನಂಬಿಕೆ ಬಾರದಿದ್ದರೆ ಕ್ರೋಮಿಯಂ ಬಿಟ್ಟು ಬರೀ ಸೋಡಿಯಂ ನೈಟ್ರೇಟ್ 0.15 M ಮಾಡಿ ಅದೇ ಕ್ಯೂವೆಟ್‌ನಲ್ಲಿ ಸ್ಕ್ಯಾನ್ ಮಾಡಿ. ಅದೇ ಗುಡ್ಡ ಅದೇ ಎತ್ತರಕ್ಕೆ ಎದ್ದು ನಿಲ್ಲುತ್ತದೆ.

ಇನ್ನು ನಿಜವಾದ ν3 ಎಲ್ಲಿರಬೇಕು? ಲೆಕ್ಕ ನಿಮ್ಮ ಕೈಯಲ್ಲೇ ಇದೆ. B = 718 ಅಂತಿಟ್ಟುಕೊಂಡರೆ ν2 + ν3 = 3ν1 + 15B, ಅಂದರೆ ಸುಮಾರು 62940. ಅದರಿಂದ 24510 ಕಳೆಯಿರಿ, 38430 ಉಳಿಯುತ್ತದೆ. 260 nm. ಅಲ್ಲಿ ಪೀಕ್ ಹುಡುಕಬೇಡಿ, ಸಿಗುವುದಿಲ್ಲ. ಚಾರ್ಜ್ ಟ್ರಾನ್ಸ್‌ಫರ್ ಹೀರಿಕೆ ಏರುವ ದಾರಿಯಲ್ಲಿ ಒಂದು ಭುಜ ಮಾತ್ರ ಇರುತ್ತದೆ. ನೈಟ್ರೇಟ್ ಉಪ್ಪಿನಲ್ಲಿ ಅದೂ ಮಸುಕು.

ಕ್ರೋಮ್ ಆಲಂ ತಗೊಳ್ಳಿ. ಸಲ್ಫೇಟ್ ಆ ಜಾಗದಲ್ಲಿ ಏನನ್ನೂ ಹೀರುವುದಿಲ್ಲ. ತಣ್ಣೀರಿನಲ್ಲೇ ಕರಗಿಸಿ, ಬಿಸಿ ಮಾಡಬೇಡಿ. ಬಿಸಿ ಮಾಡಿದರೆ ನೇರಳೆ ಹೋಗಿ ಹಸಿರು ಬರುತ್ತದೆ, ಅಂದರೆ ಸಲ್ಫೇಟ್ ನೀರನ್ನು ತಳ್ಳಿ ಒಳಗೆ ಕೂತಿತು ಅಂತ ಅರ್ಥ. ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಇಲ್ಲದಿದ್ದರೆ ಕ್ರೋಮಿಯಂ ತನಗೆ ಅಂಟಿದ ನೀರಿನಿಂದ ಪ್ರೋಟಾನ್ ಬಿಟ್ಟು ಹೈಡ್ರಾಕ್ಸೋ ಆಗತೊಡಗುತ್ತದೆ. ಪರ್ಕ್ಲೋರಿಕ್ ಹಾಕುವ ಆಸೆ ಬೇಡ, ಆಲಂನ ಪೊಟ್ಯಾಸಿಯಂ ಜೊತೆ ಸೇರಿ ತಳದಲ್ಲಿ ಬಿಳಿ ಪುಡಿ ಕೂರಬಹುದು.

ದೂರದ_ಲ್ಯಾಬ್

ಬರ್ನರ್ ಸರ್ ಹೇಳಿದ್ದು ಸರಿ. ಧಾರವಾಡದವರ λ² ಮಾತಿಗೆ ಒಂದು ತಿದ್ದುಪಡಿ. ಆ ಗುಣಾಕಾರ ಬೇಕಾಗುವುದು ಎಮಿಷನ್ ಸ್ಪೆಕ್ಟ್ರಮ್‌ಗೆ. ಅಲ್ಲಿ ಅಳೆಯುವುದು ಒಂದೊಂದು nm ಅಗಲದಲ್ಲಿ ಎಷ್ಟು ಬೆಳಕು ಬಂತು ಅಂತ, ಹಾಗಾಗಿ ಅಗಲದ ಅಳತೆಗೋಲು ಬದಲಾದರೆ ಎತ್ತರವೂ ಬದಲಾಗುತ್ತದೆ. ಹೀರಿಕೆ ಅನ್ನುವುದು ಒಳಗೆ ಹೋದ ಬೆಳಕು, ಹೊರಬಂದ ಬೆಳಕು ಎರಡರ ಅನುಪಾತ. ಅದಕ್ಕೆ ಅಗಲದ ಹಂಗಿಲ್ಲ. nm ನಲ್ಲಿ ಓದಿದ ಪೀಕ್ ಅನ್ನು ನೇರ 10⁷ ಭಾಗಿಸಿ cm⁻¹ ಮಾಡಿಕೊಳ್ಳಬಹುದು. ಆದರೆ ಗಾಸಿಯನ್ ಕೂರಿಸುವುದಿದ್ದರೆ ಗ್ರಾಫನ್ನು cm⁻¹ ಗೆ ತಿರುಗಿಸಿಕೊಂಡೇ ಕೂರಿಸಬೇಕು, ಅಲ್ಲಿ ಅವರ ಕಾಳಜಿ ನ್ಯಾಯವೇ.

ಇನ್ನು 718 ಅನ್ನುವ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಇದನ್ನು ಓಡಿಸಿ ನೋಡಿ:

```python
def racah_B(l1, l2):
    v1, v2 = 1e7/l1, 1e7/l2
    return (v2 - v1)*(v2 - 2*v1) / (15*v2 - 27*v1)

for l1, l2 in [(575, 408), (578, 408), (575, 405),
               (578, 405), (572, 411)]:
    print(l1, l2, round(racah_B(l1, l2)))
```

ಉತ್ತರ ಕ್ರಮವಾಗಿ 718, 731, 743, 757, 680. ಪೀಕ್ ಓದುವುದರಲ್ಲಿ ಬರೀ 3 nm ಆಚೀಚೆ ಆದರೆ B 680ರಿಂದ 757ರವರೆಗೆ ಓಡಾಡುತ್ತದೆ. ನಿಮ್ಮ ಬ್ಯಾಂಡ್‌ಗಳ ತಲೆ ಎಷ್ಟು ಚಪ್ಪಟೆ ಅಂದರೆ, 3 nm ತಪ್ಪು ಬಹಳ ಸಲೀಸಾಗಿ ಆಗುತ್ತದೆ. 408ರ ಕಡೆ ತಪ್ಪು ಹೆಚ್ಚು ದುಬಾರಿ, ಯಾಕೆಂದರೆ ಅಲ್ಲಿ 3 nm ಅಂದರೆ ಸುಮಾರು 180 cm⁻¹, 575ರಲ್ಲಿ ಅದರರ್ಧ. ಯುವಿ ಕಡೆಯಿಂದ ಇಳಿದು ಬರುವ ಬಾಲದ ಮೇಲೆ ಈ ಬ್ಯಾಂಡ್ ಕೂತಿದ್ದರೆ ಪೀಕ್ ಎಡಕ್ಕೆ, ಅಂದರೆ ಕಡಿಮೆ nm ಕಡೆಗೆ ವಾಲಿ ಕಾಣುತ್ತದೆ. ಆಗ B ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ.

ಪಚ್ಚೆಪೈರು

ಸರ್, ತುಂಬಾ ಥ್ಯಾಂಕ್ಸ್. ಸೋಡಿಯಂ ನೈಟ್ರೇಟ್ ನಾಳೆಯೇ ಮಾಡಿ ನೋಡುತ್ತೇನೆ. ಒಂದು ಅನುಮಾನ: ಎರಡೇ ಬ್ಯಾಂಡ್‌ನಿಂದ B ಹೇಗೆ ಸಿಗುತ್ತದೆ? ಸೂತ್ರಕ್ಕೆ ಸಂಖ್ಯೆ ಹಾಕಿದ್ದೇನೆ ಅಷ್ಟೇ, ಒಳಗೆ ಏನಾಗುತ್ತಿದೆ ಅಂತ ಹೊಳೆಯಲಿಲ್ಲ.

ಹಳೇ_ಬರ್ನರ್

ಒಂಟಿ Cr³⁺ ಅಯಾನಿನಲ್ಲಿ ಮೂರು d ಎಲೆಕ್ಟ್ರಾನ್‌ಗಳು ಪರಸ್ಪರ ಹೆಚ್ಚು ದೂರ ಉಳಿಯುವ ಜೋಡಣೆ ⁴F, ಸ್ವಲ್ಪ ಹತ್ತಿರ ಬರುವ ಜೋಡಣೆ ⁴P. ಎರಡರ ನಡುವಿನ ಅಂತರ 15B. ವಿಕರ್ಷಣೆ ಕಡಿಮೆಯಾದರೆ ಈ ಅಂತರ ಕುಗ್ಗುತ್ತದೆ.

ಆರು ಲಿಗ್ಯಾಂಡ್ ಸುತ್ತುವರಿದಾಗ F ಮೂರಾಗಿ ಒಡೆಯುತ್ತದೆ. ತಳದಲ್ಲಿ ⁴A₂g, ಅದರ ಮೇಲೆ ν1 ದೂರಕ್ಕೆ ⁴T₂g, ಇನ್ನೂ ಮೇಲೆ ⁴T₁g. P ಒಡೆಯುವುದಿಲ್ಲ, ಆದರೆ ಅದೂ ⁴T₁g ಆಗಿಯೇ ಇರುತ್ತದೆ. ಒಂದೇ ಜಾತಿಯ ಎರಡು ಮಟ್ಟಗಳು ಒಂದನ್ನೊಂದು ದೂರ ತಳ್ಳುತ್ತವೆ, ಕೆಳಗಿನದು ಇನ್ನಷ್ಟು ಕೆಳಗೆ, ಮೇಲಿನದು ಅಷ್ಟೇ ಮೇಲೆ.

ಈ ತಳ್ಳಾಟ ಇಲ್ಲದಿದ್ದರೆ ನಿಮ್ಮ ν2 ಇರಬೇಕಾಗಿದ್ದದ್ದು 1.8ν1ರಲ್ಲಿ, ಅಂದರೆ 31300. ಸಿಕ್ಕಿದ್ದು 24510. ಸುಮಾರು 6800 ಕೆಳಗೆ ತಳ್ಳಿಸಿಕೊಂಡಿದೆ. ತಳ್ಳುವ ಬಲ ν1ನಿಂದ ಗೊತ್ತು. ಹಾಗಾಗಿ ಇಷ್ಟು ತಳ್ಳಬೇಕಾದರೆ ಆ ಇನ್ನೊಂದು ಮಟ್ಟ ಎಷ್ಟು ಹತ್ತಿರ ಇದ್ದಿರಬೇಕು ಅಂತ ಲೆಕ್ಕ ಹಾಕಬಹುದು. ಆ ಹತ್ತಿರದ ಅಳತೆಯಲ್ಲಿ B ಅಡಗಿದೆ. ಎರಡು ಬ್ಯಾಂಡಿನ ಸೂತ್ರ ಮಾಡುವುದು ಇದನ್ನೇ. ಮೂರು ಬ್ಯಾಂಡಿನ ಸೂತ್ರದಲ್ಲಿ ಒಂದು ಕಳೆದುಕೊಂಡದ್ದನ್ನು ಇನ್ನೊಂದು ಗಳಿಸಿರುವುದರಿಂದ, ಕೂಡಿಸಿದಾಗ ತಳ್ಳಾಟ ಹೊರಟುಹೋಗುತ್ತದೆ. ನೋಡಲು ಸೊಗಸು. ಆದರೆ ν3 ಸರಿಯಾಗಿ ಕೈಗೆ ಸಿಕ್ಕಿದ್ದರೆ ಮಾತ್ರ.

ನೆಟ್_ತಯಾರಿ

ನನಗೆ ಉಪಯೋಗ ಆಗುವ ಥ್ರೆಡ್. ಪರೀಕ್ಷೆ ಹತ್ತಿರ ಇದೆ, ಒಂದೇ ಕೇಳ್ತೀನಿ: Cr³⁺ ಗೆ ಒಂಟಿ ಅಯಾನಿನ B 918 ತಗೋಬೇಕಾ 1030 ತಗೋಬೇಕಾ? ಒಂದು ಪುಸ್ತಕದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. 718 ಅನ್ನು 918ರಿಂದ ಭಾಗಿಸಿದರೆ 0.78, 1030ರಿಂದ ಭಾಗಿಸಿದರೆ 0.70. ಆಪ್ಷನ್‌ನಲ್ಲಿ ಎರಡೂ ಕೊಟ್ಟಿರುತ್ತಾರೆ!

ದೂರದ_ಲ್ಯಾಬ್

ಪರೀಕ್ಷೆಯ ಕೀ ಉತ್ತರಕ್ಕೆ ನಾನು ಹೊಣೆಯಲ್ಲ, ಪ್ರಶ್ನೆಯಲ್ಲಿ ಸಂಖ್ಯೆ ಕೊಟ್ಟಿದ್ದರೆ ಅದನ್ನೇ ಹಾಕಿ. ರಸಾಯನಶಾಸ್ತ್ರಕ್ಕೆ ಮಾತ್ರ ನನ್ನ ಆಯ್ಕೆ 918. ಕಾರಣ ಬರ್ನರ್ ಸರ್ ಮೇಲೆ ಹೇಳಿದ್ದರಲ್ಲೇ ಇದೆ. ನಾವು ದ್ರಾವಣದಲ್ಲಿ ಅಳೆಯುತ್ತಿರುವುದು F ಮತ್ತು P ನಡುವಿನ ಅಂತರ ಎಷ್ಟು ಕುಗ್ಗಿತು ಅಂತ. ಒಂಟಿ ಅಯಾನಿನಲ್ಲಿ ಆ ಎರಡರ ಸರಾಸರಿ ಅಂತರ ಸುಮಾರು 13,800 cm⁻¹, 15ರಿಂದ ಭಾಗಿಸಿದರೆ 918ರ ಹತ್ತಿರ ಬರುತ್ತದೆ. ಸೇಬಿಗೆ ಸೇಬು ಹೋಲಿಸಿದ ಹಾಗೆ.

ಇನ್ನೊಂದು ಕಾರಣವೂ ಇದೆ. ಯೋರ್ಗೆನ್ಸೆನ್ ಲಿಗ್ಯಾಂಡಿಗೆ ಕೊಟ್ಟ h ಮತ್ತು ಲೋಹಕ್ಕೆ ಕೊಟ್ಟ k ಪಟ್ಟಿ ನೀವು ನೋಡಿರುತ್ತೀರಿ: 1 − β = h × k. ನೀರಿಗೆ h 1.0, ಅಮೋನಿಯಾಗೆ 1.4, Cr(III)ಗೆ k ಸುಮಾರು 0.21. ಅದರಿಂದ ನೀರಿಗೆ β 0.79. 918 ಹಾಕಿದರೆ B 725 ಬರುತ್ತದೆ, ಪ್ರಯೋಗಕ್ಕೆ ಹತ್ತಿರ. 1030 ಹಾಕಿದರೆ 814, ಅದು ಎಲ್ಲಿಯೂ ಕಾಣದ ಸಂಖ್ಯೆ. ಒಂದು ಪುಸ್ತಕದ h, k ತಗೊಂಡು ಇನ್ನೊಂದು ಪುಸ್ತಕದ 1030 ಜೊತೆ ಬೆರೆಸಿದ ಉತ್ತರಗಳನ್ನು ನಾನು ಗೈಡ್‌ಗಳಲ್ಲಿ ಸಾಕಷ್ಟು ನೋಡಿದ್ದೇನೆ.

ಎರಡು ಸಂಕೀರ್ಣಗಳನ್ನು ಹೋಲಿಸುವುದಷ್ಟೇ ಇದ್ದರೆ ಈ ಜಗಳವೇ ಬೇಡ. B ಗಳನ್ನೇ ನೇರ ಹೋಲಿಸಿ.

ಧಾರವಾಡದಾಂವ

λ² ಮಾತು ಒಪ್ಪಿಕೊಂಡೆ. ಆದ್ರ ಎರಡನೇದು ಬಿಡಂಗಿಲ್ಲ. ನೀರು, ಅಮೋನಿಯಾ, ಸೈನೈಡ್ ಮೂರನ್ನೂ ನೋಡ್ರಿ. ಫೀಲ್ಡ್ ಏರ್ತದ, B ಇಳೀತದ. ನಾ ಹೇಳಿದ್ದೇ ಆತಲ್ಲ?

ಹಳೇ_ಬರ್ನರ್

ಆ ಮೂರಕ್ಕೆ ಹೌದು. ನಾನೇ ಸಂಖ್ಯೆ ಕೊಡುತ್ತೇನೆ. [Cr(NH₃)₆]³⁺ ನ ν1 21550, ν2 28500, ಅದರಿಂದ B 657. [Cr(CN)₆]³⁻ ನ ν1 26700, ν2 32200, B 490. ನೀರಿನದು 718. ಸಾಲು ಚೆನ್ನಾಗಿದೆ.

ಈಗ ಹ್ಯಾಲೈಡ್‌ಗಳಿಗೆ ಬನ್ನಿ ಸ್ವಾಮಿ. ಫೀಲ್ಡ್ ಬಲದಲ್ಲಿ ಫ್ಲೋರೈಡ್ ಮೇಲೆ, ಆಮೇಲೆ ಕ್ಲೋರೈಡ್, ಬ್ರೋಮೈಡ್, ಎಲ್ಲಕ್ಕಿಂತ ಕೆಳಗೆ ಅಯೋಡೈಡ್. h ಮಾತ್ರ ತಿರುಗಾಮುರುಗಾ: ಫ್ಲೋರೈಡ್ 0.8, ಕ್ಲೋರೈಡ್ 2.0, ಬ್ರೋಮೈಡ್ 2.3, ಅಯೋಡೈಡ್ 2.7. ಅತಿ ದುರ್ಬಲ ಫೀಲ್ಡ್ ಕೊಡುವ ಅಯೋಡೈಡ್ B ಯನ್ನು ಎಲ್ಲರಿಗಿಂತ ಹೆಚ್ಚು ಇಳಿಸುತ್ತದೆ. ಫೀಲ್ಡ್ ಹೇಳುವುದು d ಕಕ್ಷಕಗಳು ಎಷ್ಟು ಬೇರ್ಪಟ್ಟವು ಅಂತ. B ಹೇಳುವುದು d ಎಲೆಕ್ಟ್ರಾನ್‌ಗಳು ಲಿಗ್ಯಾಂಡ್ ಕಡೆಗೆ ಎಷ್ಟು ಹರಡಿಕೊಂಡು ಒಂದರಿಂದೊಂದು ದೂರ ಸರಿದವು ಅಂತ. 1958ರಲ್ಲಿ ಶೇಫರ್ ಮತ್ತು ಯೋರ್ಗೆನ್ಸೆನ್ ಇದಕ್ಕೆ ಬೇರೆಯೇ ಸರಣಿ ಬೇಕು ಅಂತ ಹೊರಟದ್ದು ಇದಕ್ಕೇ.

ಧಾರವಾಡದಾಂವ

ಅಯೋಡೈಡ್ ನೆನಪೇ ಆಗಲಿಲ್ಲ ನೋಡ್ರಿ. ಆತು, ಹ್ಯಾಲೈಡ್ ನಿಮಗ, ಸೈನೈಡ್ ನನಗ.

ಅಸಿಟೈಲ್_ಅಣ್ಣ

ನನ್ನದೂ ಇದೇ ಕಥೆ, ಆದರೆ ಲಿಗ್ಯಾಂಡ್ ಬೇರೆ. Cr(acac)₃ ಮಾಡಿ ಎಥನಾಲ್‌ನಲ್ಲಿ ಕರಗಿಸಿದೆ. 560 nm ಗೆ ಒಂದು, 385 nm ಗೆ ಒಂದು. ಎರಡು ಬ್ಯಾಂಡಿನ ಸೂತ್ರಕ್ಕೆ ಹಾಕಿದರೆ B 850ರ ಮೇಲೆ ಬರುತ್ತಿದೆ, β 0.93. ನೀರಿಗಿಂತಲೂ ಅಯಾನಿಕ್! ಅಸಿಟೈಲ್ ಅಸಿಟೋನೇಟ್ ಕೋವಲೆಂಟ್ ಆಗಿ ಕಟ್ಟಿಕೊಳ್ಳುತ್ತದೆ ಅಂತ ಓದಿದ್ದೆ. ಇದನ್ನು ಹೊಸ ವಿಷಯ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ?

ದೂರದ_ಲ್ಯಾಬ್

ಬರೆಯಬೇಡಿ ಅಣ್ಣ. 560ರಲ್ಲಿ ಮತ್ತು 385ರಲ್ಲಿ ε ಎಷ್ಟು ಬಂತು?

ಅಸಿಟೈಲ್_ಅಣ್ಣ

560ಕ್ಕೆ ಅರವತ್ತರ ಹತ್ತಿರ. 385ಕ್ಕೆ ನಾನ್ನೂರರ ಹತ್ತಿರ.

ದೂರದ_ಲ್ಯಾಬ್

ಸಿಕ್ಕಿತಲ್ಲ. ಮೊದಲನೆಯದೂ ಎರಡನೆಯದೂ ಒಂದೇ ಬಗೆಯ d-d ಬ್ಯಾಂಡ್ ಆಗಿದ್ದರೆ ತೀವ್ರತೆ ಹೆಚ್ಚುಕಮ್ಮಿ ಒಂದೇ ಅಂದಾಜಿನಲ್ಲಿರಬೇಕು, ನೀರಿನ ಸಂಕೀರ್ಣದಲ್ಲಿ ಹದಿಮೂರು, ಹದಿನೈದು ಇದ್ದ ಹಾಗೆ. ಆರೇಳು ಪಟ್ಟು ಜಾಸ್ತಿ ಅಂದರೆ 385ರಲ್ಲಿರುವುದಕ್ಕೆ ಲಿಗ್ಯಾಂಡಿನ ಕೈ ಇದೆ. ನಿಮ್ಮ ನಿಜವಾದ ν2 ಅದರ ಬುಡದಲ್ಲಿ ಎಲ್ಲೋ ಮುಳುಗಿ ಹೋಗಿದೆ. ಈ ಸಂಕೀರ್ಣದಿಂದ ಫೀಲ್ಡ್ ಬಲ Δ ಮಾತ್ರ ಬರೆಯಿರಿ, ಅದು 560ರಿಂದ ನೇರ ಸಿಗುತ್ತದೆ. B ಜಾಗದಲ್ಲಿ "ν2 ಕಾಣುವುದಿಲ್ಲ" ಅಂತ ಬರೆದರೆ ಯಾರೂ ಮಾರ್ಕ್ಸ್ ಕಡಿಯಬಾರದು.

ಗಾಸಿಯನ್ ಕೂರಿಸಿ ಅದನ್ನು ಹೊರತೆಗೆಯುತ್ತೇನೆ ಅನ್ನುವವರು ಇದ್ದಾರೆ. ಕೂರುತ್ತದೆ, ಕೂರದೆ ಏನು. ಎರಡು ಗಾಸಿಯನ್ ಬೇಕಾದರೂ ಕೂರುತ್ತವೆ, ಮೂರೂ ಕೂರುತ್ತವೆ. ಪ್ರತಿ ಸಲ B ಬೇರೆ ಬರುತ್ತದೆ.

ಆಕ್ಸಲೇಟ್ ಸಂಕೀರ್ಣ ಮಾಡಿ ನೋಡಿ, ಅದೂ ಆಮ್ಲಜನಕದಿಂದಲೇ ಕಟ್ಟಿಕೊಳ್ಳುವುದು. 570 ಮತ್ತು 420ರ ಹತ್ತಿರ ಎರಡು ಸ್ವಚ್ಛ ಬ್ಯಾಂಡ್ ಕೊಡುತ್ತದೆ, B 620ರ ಸುತ್ತ ಬರುತ್ತದೆ.

ಕೆಂಪುಕಲ್ಲು

ನಾನು ಕೆಮಿಸ್ಟ್ರಿಯವನಲ್ಲ, ರತ್ನದ ಕಲ್ಲುಗಳ ಹುಚ್ಚು. ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ಮಾಣಿಕ್ಯ ನೋಡಿದರೆ ಕೆಂಪಿನ ಕೊನೆಯಲ್ಲಿ ಒಂದು ಚೂಪು ಗೆರೆ ಕಾಣುತ್ತದೆ, 694 nm. ಅದೂ ಕ್ರೋಮಿಯಂನದೇ ಅಂತಾರೆ. ನಿಮ್ಮ ಪಟ್ಟಿಯಲ್ಲಿ ಆ ಗೆರೆ ಯಾಕಿಲ್ಲ? ಬ್ಯಾಂಡ್ ಅಗಲ ಇರುವುದರಿಂದ ತಪ್ಪು ಆಗುತ್ತದೆ ಅಂತ ಹೇಳುತ್ತಿದ್ದೀರಿ. ಚೂಪು ಗೆರೆಯನ್ನೇ ಅಳೆದರೆ B ನಿಖರವಾಗಿ ಸಿಗುವುದಿಲ್ಲವೇ?

ಹಳೇ_ಬರ್ನರ್

ಕೆಮಿಸ್ಟ್ರಿಯವರಲ್ಲ ಅಂತ ಹೇಳಿ ಅಸಲಿ ಪ್ರಶ್ನೆಯನ್ನೇ ಕೇಳಿದಿರಿ.

ಆ ಗೆರೆ ⁴A₂g ಯಿಂದ ²E ಗೆ. ಮೂರೂ ಎಲೆಕ್ಟ್ರಾನ್ t₂g ಯಲ್ಲೇ ಉಳಿಯುತ್ತವೆ, ಒಂದರ ಸ್ಪಿನ್ ಮಾತ್ರ ತಿರುಗುತ್ತದೆ. ಕಕ್ಷಕ ಬದಲಾಗದ್ದರಿಂದ ಬಂಧದ ಉದ್ದ ಬದಲಾಗುವುದಿಲ್ಲ, ಹಾಗಾಗಿ ಗೆರೆ ಚೂಪು. Δ ಮೇಲೆ ಅದರ ಅವಲಂಬನೆ ಬಹಳ ಕಡಿಮೆ. ಅಂದಾಜು ಸೂತ್ರ ಇದು, C ಅನ್ನುವುದು B ಥರದ್ದೇ ಇನ್ನೊಂದು ವಿಕರ್ಷಣೆಯ ಅಳತೆ:

E(²E) ≈ 9B + 3C − 50B²/Δ

ಸಿಕ್ಕಾಪಟ್ಟೆ ನಿಖರವಾಗಿ ಅಳೆಯಬಹುದು, ನಿಜ. ತೊಂದರೆ ಏನೆಂದರೆ ಒಂದು ಗೆರೆ, ಅದರಲ್ಲಿ B ಮತ್ತು C ಎರಡು ಅಪರಿಚಿತ. ಹಾಗಾಗಿ B ಯನ್ನು ಅಗಲ ಬ್ಯಾಂಡ್‌ನಿಂದ ತಂದು, ಈ ಗೆರೆಯಿಂದ C ತೆಗೆಯುವುದು ರೂಢಿ. ನೀರಿನ ಸಂಕೀರ್ಣದಲ್ಲಿ ಇದೇ ಸಂಕ್ರಮಣ 15000 cm⁻¹ ಹತ್ತಿರ, 575ರ ಬ್ಯಾಂಡಿನ ಕೆಂಪು ಬದಿಯಲ್ಲಿ ಒಂದು ಸಣ್ಣ ಉಬ್ಬಾಗಿ ಇರುತ್ತದೆ. ಗಟ್ಟಿ ದ್ರಾವಣ ಮಾಡಿದರೆ ಕಾಣಿಸುತ್ತದೆ. B 718 ಹಾಕಿದರೆ C ಸುಮಾರು 3340, C/B 4.65. ಒಂಟಿ ಅಯಾನಿನಲ್ಲಿ ಆ ಅನುಪಾತ ಸುಮಾರು 4.5. ಇಲ್ಲಿಗೆ ಎಲ್ಲ ಸರಿ ಇದೆ.

ದೂರದ_ಲ್ಯಾಬ್

ಸರಿ ಇಲ್ಲದ ಜಾಗ ಅಮೋನಿಯಾದಲ್ಲಿ ಸಿಗುತ್ತದೆ, ಹೇಳುತ್ತೇನೆ ಕೇಳಿ.

ನೀರಿನಿಂದ ಅಮೋನಿಯಾಗೆ ಬಂದಾಗ B 718ರಿಂದ 657ಕ್ಕೆ ಇಳಿಯಿತು. ವಿಕರ್ಷಣೆ ಎಲ್ಲ ಕಡೆ ಒಂದೇ ಸಮ ಕುಗ್ಗಿದ್ದರೆ ²E ಕೂಡ ಅದೇ ಪ್ರಮಾಣದಲ್ಲಿ ಇಳಿಯಬೇಕಿತ್ತು, 15000 ಇದ್ದದ್ದು 13,700 ಸುಮಾರಿಗೆ ಬರಬೇಕಿತ್ತು. ಅಳೆದರೆ [Cr(NH₃)₆]³⁺ ನಲ್ಲಿ ಅದು 15200ರ ಹತ್ತಿರ ಇದೆ. ಇಳಿಯುವುದಿರಲಿ, ಒಂಚೂರು ಏರಿದೆ! ಸೂತ್ರಕ್ಕೆ ಹಾಕಿದರೆ C 3430 ಬರುತ್ತದೆ. B ಇಳಿದು C ಏರುವುದು ಅಂದರೆ ಏನರ್ಥ? ಒಂದೇ ಎಲೆಕ್ಟ್ರಾನ್ ಮೋಡ ಒಂದೇ ಸಮಯದಲ್ಲಿ ಹಿಗ್ಗಲೂ ಬೇಕು, ಕುಗ್ಗಲೂ ಬೇಕು.

ಇದಕ್ಕೆ ಯೋರ್ಗೆನ್ಸೆನ್ ಕೊಟ್ಟ ಉತ್ತರ ನನಗೆ ಒಪ್ಪಿಗೆ: β ಒಂದಲ್ಲ. ಅಗಲ ಬ್ಯಾಂಡ್‌ಗಳಲ್ಲಿ ಎಲೆಕ್ಟ್ರಾನ್ t₂g ಬಿಟ್ಟು e_g ಗೆ ಹೋಗುತ್ತದೆ, ಹಾಗಾಗಿ ಅಲ್ಲಿ ಸಿಗುವ β ಎರಡೂ ಕಕ್ಷಕಗಳ ಬೆರಕೆ, ಅದನ್ನು β₃₅ ಅನ್ನುತ್ತಾರೆ. ²E ಗೆರೆಯಲ್ಲಿ ಆಟವೆಲ್ಲ t₂g ಒಳಗೇ, ಅದು β₅₅. ಅಮೋನಿಯಾದ ನೈಟ್ರೋಜನ್ ಸಿಗ್ಮಾ ಬಂಧ ಮಾತ್ರ ಕಟ್ಟುತ್ತದೆ, ಅದರ ಎದುರಿಗೆ ನೇರ ಚಾಚಿರುವುದು e_g. ಹಾಗಾಗಿ e_g ಹರಡಿಕೊಳ್ಳುತ್ತದೆ, B ಇಳಿಯುತ್ತದೆ. t₂g ಗೆ ಪೈ ಬಂಧಕ್ಕೆ ಜೊತೆಗಾರರೇ ಇಲ್ಲ, ಅದು ಇದ್ದಲ್ಲೇ ಇರುತ್ತದೆ, ಗೆರೆಯೂ ಇದ್ದಲ್ಲೇ ಇರುತ್ತದೆ. ಸೈನೈಡ್ ನೋಡಿ, ಅದು t₂g ಯಿಂದ ಪೈ ಬಂಧಕ್ಕೆ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ. ಅಲ್ಲಿ ²E ಸುಮಾರು 12400ಕ್ಕೆ ಕುಸಿದಿದೆ.

ಹಾಗಾಗಿ ಪಚ್ಚೆಪೈರು ಕೇಳಿದ "B ಎಷ್ಟು" ಅನ್ನುವ ಪ್ರಶ್ನೆಗೆ, "ಯಾವ ಬ್ಯಾಂಡ್‌ನಿಂದ ತೆಗೆದ B" ಅಂತ ಸೇರಿಸಿಕೊಳ್ಳಬೇಕು. ರೆಕಾರ್ಡ್‌ನಲ್ಲಿ ಆ ಒಂದು ಸಾಲು ಇದ್ದರೆ ಸಾಕು.

ಕೆಂಪುಕಲ್ಲು

ಇನ್ನೊಂದು ಎಲ್ಲೋ ಓದಿದ್ದೆ. ವಜ್ರಗಳ ನಡುವೆ ವಸ್ತುವನ್ನು ಅದುಮುವ ಉಪಕರಣದಲ್ಲಿ ಒತ್ತಡ ಅಳೆಯಲು ಒಂದು ಮಾಣಿಕ್ಯದ ಚೂರು ಇಡುತ್ತಾರಂತೆ, ಆ ಕೆಂಪು ಗೆರೆ ಸರಿಯುವುದನ್ನು ನೋಡಿ ಒತ್ತಡ ಹೇಳುತ್ತಾರಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ದೂರದ_ಲ್ಯಾಬ್

ಇದೆ, ಚೆನ್ನಾಗಿಯೇ ಇದೆ. ಒಂದು ಗಿಗಾಪಾಸ್ಕಲ್‌ಗೆ ಸುಮಾರು 0.36 nm ನಷ್ಟು ಉದ್ದ ತರಂಗದ ಕಡೆಗೆ ಸರಿಯುತ್ತದೆ. ಅದುಮಿದರೆ ಆಮ್ಲಜನಕಗಳು ಹತ್ತಿರ ಬರುತ್ತವೆ, Δ ಏರುತ್ತದೆ. ಬರ್ನರ್ ಸರ್ ಕೊಟ್ಟ ಸೂತ್ರದಲ್ಲಿ Δ ಒಂದೇ ಏರಿದರೆ ಕೊನೆಯ ಕಳೆಯುವ ಪದ ಚಿಕ್ಕದಾಗಿ ಗೆರೆಯ ಶಕ್ತಿ ತುಸು ಹೆಚ್ಚಬೇಕು, ಅಂದರೆ 694ಕ್ಕಿಂತ ಕಡಿಮೆ nm ಗೆ ಸರಿಯಬೇಕು. ನಡೆಯುವುದು ಅದಕ್ಕೆ ತದ್ವಿರುದ್ಧ. B ಮತ್ತು C ಇಳಿಯುತ್ತಿವೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. ಲಿಗ್ಯಾಂಡ್ ಬದಲಾಗಿಲ್ಲ, ದೂರ ಮಾತ್ರ ಕಡಿಮೆಯಾಗಿ ಎಲೆಕ್ಟ್ರಾನ್ ಹರಡಿಕೆ ಹೆಚ್ಚಿತು.

ಪಚ್ಚೆಪೈರು

ವರದಿ ಒಪ್ಪಿಸುತ್ತಿದ್ದೇನೆ. ಸೋಡಿಯಂ ನೈಟ್ರೇಟ್ 0.15 M: 302ರಲ್ಲಿ ಗುಡ್ಡ ಹಾಗೇ ಬಂತು, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಆಲಂ ದ್ರಾವಣ: 574 ಮತ್ತು 408, 302ರಲ್ಲಿ ಏನೂ ಇಲ್ಲ. 260ರ ಹತ್ತಿರ ಏರುವ ಗೆರೆಯಲ್ಲಿ ಒಂದು ತಿರುವು ಕಂಡಿತು. ಡೆರಿವೇಟಿವ್ ಹಾಕಿ ನೋಡಿದರೆ 260 ಮತ್ತು 262ರ ನಡುವೆ ಎಲ್ಲೋ. ಎರಡು ಬ್ಯಾಂಡಿನ B 713. ಮೂರು ಬ್ಯಾಂಡಿನದು 260 ತಗೊಂಡರೆ 714, 262 ತಗೊಂಡರೆ 694. ಈಗ ಹೊಂದಿಕೆ ಆಗುತ್ತಿದೆ. "B 710, ಆಚೀಚೆ 30" ಅಂತ ಬರೆಯಬಹುದಾ? ಹಾಗೇ β 0.77 ಬಂದಿದ್ದರಿಂದ ಬಂಧ 23 ಪ್ರತಿಶತ ಕೋವಲೆಂಟ್ ಅಂತ ತೀರ್ಮಾನ ಬರೆಯಲು ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಾರೆ.

ಹಳೇ_ಬರ್ನರ್

ಮೊದಲನೆಯದನ್ನು ಧಾರಾಳವಾಗಿ ಬರೆಯಿರಿ. ಒಂದು ಎಚ್ಚರಿಕೆ: ν3 ಹೊಂದಿತು ಅಂದರೆ ಗುರುತು ಸರಿ ಹಿಡಿದಿದ್ದೀರಿ ಅಂತ ಮಾತ್ರ. B 680 ಇದ್ದರೂ 757 ಇದ್ದರೂ, ಆಯಾ ν1, ν2 ಹಾಕಿದಾಗ ν3 ಬಂದು ನಿಲ್ಲುವುದು 259ರಿಂದ 261ರೊಳಗೇ. ಅಷ್ಟು ಸೂಕ್ಷ್ಮವಾಗಿ ಒಂದು ಭುಜವನ್ನು ಓದಲು ಯಾರಿಂದಲೂ ಆಗುವುದಿಲ್ಲ. ನೈಟ್ರೇಟ್ ಥರದ ಕಳ್ಳನನ್ನು ಅದು ಹಿಡಿದುಕೊಡುತ್ತದೆ, B ಯನ್ನು ತಿದ್ದಿಕೊಡುವುದಿಲ್ಲ.

23 ಪ್ರತಿಶತ ಕೋವಲೆಂಟ್ ಅನ್ನುವ ವಾಕ್ಯ ನಾನಾಗಿದ್ದರೆ ಬರೆಯುತ್ತಿರಲಿಲ್ಲ. B ಇಳಿಯುವುದಕ್ಕೆ ದಾರಿ ಎರಡು. ಒಂದು, d ಎಲೆಕ್ಟ್ರಾನ್ ಲಿಗ್ಯಾಂಡ್ ಮೇಲೆ ಹರಡಿಕೊಳ್ಳುವುದು. ಇನ್ನೊಂದು, ಲಿಗ್ಯಾಂಡ್ ತನ್ನ ಎಲೆಕ್ಟ್ರಾನ್ ಕೊಟ್ಟು ಕ್ರೋಮಿಯಂನ ಆವೇಶ 3ಕ್ಕಿಂತ ಕಡಿಮೆಯಾಗಿ, d ಮೋಡ ಲೋಹದ ಮೇಲೇ ಸಡಿಲಗೊಳ್ಳುವುದು. ಒಂಟಿ Cr²⁺ ಗೇ B 830 ಸುಮಾರು, ಅಲ್ಲಿ ಲಿಗ್ಯಾಂಡೇ ಇಲ್ಲ. ನಿಮ್ಮ 918ರಿಂದ 710ರ ಇಳಿತದಲ್ಲಿ ಯಾವುದರ ಪಾಲು ಎಷ್ಟು ಅಂತ ಈ ಸ್ಪೆಕ್ಟ್ರಮ್ ಹೇಳುವುದಿಲ್ಲ.

ದೂರದ_ಲ್ಯಾಬ್

ಸರ್, ಇಲ್ಲಿ ನಿಮ್ಮಷ್ಟು ಬಿಗಿಯಾಗಿ ನಾನು ಹೇಳಲಾರೆ. ನೀರು ಮತ್ತು ಅಮೋನಿಯಾದ ²E ಹೆಚ್ಚುಕಮ್ಮಿ ಒಂದೇ ಕಡೆ ನಿಂತಿದೆ ಅಂದರೆ ಎರಡರಲ್ಲೂ t₂g ಮೋಡ ಸರಿಸುಮಾರು ಒಂದೇ ಗಾತ್ರ. ಲೋಹದ ಆವೇಶ ಕುಸಿದಿದ್ದರೆ t₂g, e_g ಎರಡೂ ಒಟ್ಟಿಗೆ ಸಡಿಲ ಆಗಬೇಕಿತ್ತು. e_g ಮಾತ್ರ ಸಡಿಲ ಆಗಿದೆ. ಅಂದರೆ ಆ ಎರಡರ ನಡುವಿನ ವ್ಯತ್ಯಾಸ ಬಹುಪಾಲು ಹರಡಿಕೊಂಡದ್ದರಿಂದಲೇ ಬಂದದ್ದು ಅನ್ನಬಹುದಲ್ಲ?

ಹಳೇ_ಬರ್ನರ್

ಎರಡರ ನಡುವಿನ ವ್ಯತ್ಯಾಸಕ್ಕೆ ಒಪ್ಪಿದೆ. 918ರಿಂದ ನೀರಿನವರೆಗಿನ ಇಳಿತಕ್ಕೆ ಆ ವಾದ ನಿಲ್ಲುವುದಿಲ್ಲ. ಅಲ್ಲಿ C ಕೂಡ ಇಳಿದಿದೆ, C/B ಅನುಪಾತ ಹಾಗೇ ಉಳಿದಿದೆ. ಆವೇಶ ಕುಸಿದರೂ ಅದೇ ಕಾಣುತ್ತದೆ.

ಕೆಂಪುಕಲ್ಲು

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಗೆಳೆಯರ ಲ್ಯಾಬಿನಲ್ಲಿ ಒಂದು ತೆಳು ಮಾಣಿಕ್ಯ ಚಕ್ಕೆಯ ಸ್ಪೆಕ್ಟ್ರಮ್ ತೆಗೆಸಿದೆ. 18000 ಮತ್ತು 24700ರ ಹತ್ತಿರ ಎರಡು ಬ್ಯಾಂಡ್. ನಿಮ್ಮ ಸೂತ್ರಕ್ಕೆ ಹಾಕಿದರೆ 655. ಆದರೆ ಕಲ್ಲನ್ನು ತಿರುಗಿಸಿ ಪೋಲರೈಸರ್ ಇಟ್ಟರೆ ಎರಡೂ ಪೀಕ್ ಕೆಲವು ನೂರು cm⁻¹ ಅತ್ತಿತ್ತ ಸರಿಯುತ್ತವೆ. ಯಾವ ದಿಕ್ಕಿನದು ತಗೋಬೇಕು?

ದೂರದ_ಲ್ಯಾಬ್

ಆ ಹರಳಿನಲ್ಲಿ ಕ್ರೋಮಿಯಂ ಸುತ್ತಲಿನ ಆರು ಆಮ್ಲಜನಕ ಪೂರ್ತಿ ಅಷ್ಟಮುಖಿ ಅಲ್ಲ, ಒಂದು ಅಕ್ಷದ ಗುಂಟ ಸ್ವಲ್ಪ ತಿರುಚಿಕೊಂಡಿದೆ. ಪ್ರತಿ T ಮಟ್ಟವೂ ಎರಡಾಗಿ ಒಡೆದಿದೆ, ಒಂದೊಂದು ದಿಕ್ಕಿನ ಬೆಳಕಿಗೆ ಒಂದೊಂದು ಹೆಚ್ಚು ಸ್ಪಂದಿಸುತ್ತದೆ. ನಾವು ಬಳಸಿದ ಸೂತ್ರ ಒಡೆಯದ ಮಟ್ಟಗಳಿಗೆ ಬರೆದದ್ದು. ಎರಡೂ ದಿಕ್ಕಿನಲ್ಲಿ ಅಳೆದು, ಒಡೆದ ಎರಡರ ತೂಕದ ಸರಾಸರಿ ತೆಗೆದು ಹಾಕುವುದು ಒಂದು ಉಪಾಯ. ಆದರೆ ν1 ಮತ್ತು ν2 ಒಂದೇ ಅಳತೆಯಲ್ಲಿ ಒಡೆಯುವುದಿಲ್ಲ, ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ದಾರಿ. ನಿಮ್ಮ ಎರಡೂ ದಿಕ್ಕಿನ ಫೈಲ್ ಇಲ್ಲಿ ಹಾಕಿ, ಪಚ್ಚೆಪೈರಿನ ಆಲಂ ಫೈಲ್ ಜೊತೆ ಇಟ್ಟು ಬ್ಯಾಂಡ್ ಅಗಲ ಹೋಲಿಸಿ ನೋಡೋಣ.